ಕೀಮೋ ಕೊಟ್ಟ ದಿನದಿಂದ ಇಪ್ಪತ್ತೊಂದನೇ ದಿನದವರೆಗೆ: ಮನೆಯವರಿಗೂ ಹೊಸ ನರ್ಸ್‌ಗಳಿಗೂ ಒಂದು ಮಾರ್ಗದರ್ಶಿ

ಕೀಮೋ ಎಂದರೆ ಡ್ರಿಪ್ ಹಾಕಿಸಿಕೊಂಡು ಮಲಗುವ ಆ ಕೆಲವು ಗಂಟೆಗಳೇ ಎಂದು ಹೆಚ್ಚಿನವರು ಅಂದುಕೊಂಡಿರುತ್ತಾರೆ. ಆ ಗಂಟೆಗಳಲ್ಲಿ ರೋಗಿಯ ಪಕ್ಕದಲ್ಲಿ ನರ್ಸ್ ಇರುತ್ತಾರೆ, ಡಾಕ್ಟರ್ ಇರುತ್ತಾರೆ, ಏನಾದರೂ ಆದರೆ ಕೈಗೆಟುಕುವ ದೂರದಲ್ಲಿ ಔಷಧವಿರುತ್ತದೆ. ನಿಜವಾದ ಅಪಾಯ ಬರುವುದು ವಾರ, ಹತ್ತು ದಿನ ಕಳೆದ ಮೇಲೆ, ಊರಿನ ಮನೆಯಲ್ಲಿ, ಬಹಳ ಸಲ ರಾತ್ರಿ ಹೊತ್ತು. ಹಾಗಾಗಿ ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಸೂಜಿ ಹಾಕುವಷ್ಟೇ ದೊಡ್ಡ ಕೆಲಸ, ಮನೆಗೆ ಹೊರಟವರಿಗೆ ಮುಂದಿನ ಮೂರು ವಾರವನ್ನು ಬಿಡಿಸಿ ಹೇಳುವುದು.

ಕೀಮೋ ಔಷಧಗಳು ಹತ್ತಾರಿವೆ, ಎಲ್ಲವೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಅದಕ್ಕೇ ಇಲ್ಲಿ ಒಂದೇ ಚಿಕಿತ್ಸೆಯನ್ನು ಹಿಡಿದು ಹೋಗೋಣ. ಸ್ತನ ಕ್ಯಾನ್ಸರ್‌ಗೆ ಕೊಡುವ 'ಎಸಿ', ಅಂದರೆ ಡಾಕ್ಸೊರೂಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್. ಸಾಮಾನ್ಯವಾಗಿ 21 ದಿನಕ್ಕೊಮ್ಮೆ, ಒಟ್ಟು ನಾಲ್ಕು ಸಲ. ಒಂದೊಂದು ಸಲಕ್ಕೂ ಒಂದು ಸೈಕಲ್ ಎನ್ನುತ್ತಾರೆ. ಜನರ ಬಾಯಲ್ಲಿ ಇದು 'ಕೆಂಪು ಕೀಮೋ'. ಉದಾಹರಣೆಗೆ ಚಿತ್ರದುರ್ಗದ ಕಡೆಯ ಒಬ್ಬ ಅಕ್ಕನನ್ನು ಇಟ್ಟುಕೊಳ್ಳೋಣ. ಹಲವರ ಅನುಭವಗಳನ್ನು ಸೇರಿಸಿ ಕಟ್ಟಿದ ಉದಾಹರಣೆ ಇದು. ವಯಸ್ಸು 46, ಎತ್ತರ 152 ಸೆಂಟಿಮೀಟರ್, ತೂಕ 54 ಕಿಲೋ. ಮನೆಯಲ್ಲಿ ಗಂಡ, ಕಾಲೇಜಿಗೆ ಹೋಗುವ ಮಗಳು, ಹಿತ್ತಲಲ್ಲಿ ಎರಡು ಹಸು.

ಸೂಜಿ ಹಾಕುವ ಮೊದಲು

ಕೀಮೋ ಡೋಸ್ ಲೆಕ್ಕ ಹಾಕುವುದು ಮೈಯ ಹೊರಮೈ ಎಷ್ಟು ಚದರ ಮೀಟರ್ ಎಂಬುದರ ಮೇಲೆ. ಎತ್ತರವನ್ನು ತೂಕದಿಂದ ಗುಣಿಸಿ, 3600ರಿಂದ ಭಾಗಿಸಿ, ಬಂದದ್ದರ ವರ್ಗಮೂಲ ತೆಗೆಯಬೇಕು. ನಮ್ಮ ಅಕ್ಕನಿಗೆ ಅದು ಸುಮಾರು 1.51 ಬರುತ್ತದೆ. ಡಾಕ್ಸೊರೂಬಿಸಿನ್ ಚದರ ಮೀಟರಿಗೆ 60 ಮಿಲಿಗ್ರಾಂ, ಅಂದರೆ ಸುಮಾರು 90. ಸೈಕ್ಲೊಫಾಸ್ಫಮೈಡ್ 600, ಅಂದರೆ ಸುಮಾರು 900. ಹೋದ ತಿಂಗಳ ಚೀಟಿಯಲ್ಲಿದ್ದ ತೂಕವನ್ನೇ ನಕಲು ಮಾಡಿಕೊಂಡರೆ ಈ ಲೆಕ್ಕ ಕೆಡುತ್ತದೆ. ಕೀಮೋ ಶುರುವಾದ ಮೇಲೆ ತೂಕ ಇಳಿಯುವವರೂ ಇದ್ದಾರೆ, ಏರುವವರೂ ಇದ್ದಾರೆ. ಪ್ರತಿ ಸಲ ಚಪ್ಪಲಿ ಬಿಡಿಸಿ ತೂಕ ನೋಡಲೇಬೇಕು, ಇಬ್ಬರು ನರ್ಸ್‌ಗಳು ಬೇರೆ ಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡಲೇಬೇಕು. ಹೆಸರು ಕೇಳುವಾಗಲೂ 'ನೀವು ಇಂಥವರೇ ಅಲ್ವಾ?' ಎಂದು ಕೇಳಬಾರದು. ಆಯಾಸದಲ್ಲಿರುವವರು ಯಾವ ಹೆಸರಿಗೂ 'ಹೂಂ' ಎಂದುಬಿಡುತ್ತಾರೆ. 'ನಿಮ್ಮ ಪೂರ್ತಿ ಹೆಸರು ಹೇಳಿ' ಎಂದು ಕೇಳಿ, ಕೈಪಟ್ಟಿ ಮತ್ತು ಫೈಲ್ ನೋಡಿ.

ಜೊತೆಗೆ ಆ ವಾರದ ಸಿಬಿಸಿ, ಅಂದರೆ ರಕ್ತಕಣಗಳ ಲೆಕ್ಕದ ವರದಿ ಕೈಯಲ್ಲಿರಬೇಕು. ಸೋಂಕಿನೊಡನೆ ಹೋರಾಡುವ ಬಿಳಿ ಕಣವಾದ ನ್ಯೂಟ್ರೋಫಿಲ್ ಲೆಕ್ಕ 1,500ರ ಆಸುಪಾಸು ಅಥವಾ ಮೇಲೆ, ಪ್ಲೇಟ್‌ಲೆಟ್ ಒಂದು ಲಕ್ಷಕ್ಕೆ ಮೇಲಿದ್ದರೆ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಕಡಿಮೆ ಇದ್ದರೆ ಡಾಕ್ಟರ್ ಒಂದು ವಾರ ಮುಂದೂಡಬಹುದು. 'ಅಷ್ಟು ದೂರದಿಂದ ಬಂದಿದ್ದೀವಿ ಸಿಸ್ಟರ್, ಹೇಗಾದರೂ ಕೊಟ್ಟುಬಿಡಿ' ಎಂದು ಕೇಳುವವರ ಕಷ್ಟ ನಮಗೆ ಅರ್ಥವಾಗುತ್ತದೆ, ಆದರೂ ಅಂದು ಕೊಡದಿರುವುದೇ ಸರಿ. ಬರುವ ಒಂದೆರಡು ದಿನ ಮೊದಲೇ ಹತ್ತಿರದ ಲ್ಯಾಬಿನಲ್ಲಿ ಸಿಬಿಸಿ ಮಾಡಿಸಿ, ವರದಿಯ ಫೋಟೊವನ್ನು ಆಸ್ಪತ್ರೆಗೆ ಕಳಿಸಿ ಕೇಳುವ ಏರ್ಪಾಡಿದ್ದರೆ ಪ್ರಯಾಣದ ಖರ್ಚು ಉಳಿಯುತ್ತದೆ. ಡಾಕ್ಸೊರೂಬಿಸಿನ್ ಹೃದಯಕ್ಕೆ ಭಾರವಾಗುವ ಔಷಧವಾದ್ದರಿಂದ ಮೊದಲನೇ ಸೈಕಲ್‌ಗೆ ಮುಂಚೆ ಎಕೋ, ಅಂದರೆ ಹೃದಯದ ಸ್ಕ್ಯಾನ್ ಕೂಡ ಆಗಿರಬೇಕು.

ಕೆಂಪು ಔಷಧ ನರದಿಂದ ಹೊರಗೆ ಬಂದರೆ

ಡಾಕ್ಸೊರೂಬಿಸಿನ್ ನರದೊಳಗೆ ಹರಿಯುವವರೆಗೆ ಔಷಧ. ನರದಿಂದ ಸೋರಿ ಚರ್ಮದಡಿ ಸೇರಿದರೆ ಅಲ್ಲಿನ ಮಾಂಸವನ್ನೇ ಕೊಲ್ಲುತ್ತದೆ. ಮೊದಲ ದಿನ ಬರೀ ಕೆಂಪಗೆ ಕಂಡದ್ದು ದಿನಗಳು, ವಾರಗಳು ಕಳೆದಂತೆ ಗುಳ್ಳೆಯಾಗಿ, ಹುಣ್ಣಾಗಿ, ಕೊನೆಗೆ ಚರ್ಮ ಕಸಿ ಮಾಡಬೇಕಾದ ಸ್ಥಿತಿಗೆ ಹೋಗಬಹುದು. ಸ್ವಲ್ಪವೂ ಅವಸರ ಮಾಡಬಾರದ ಜಾಗ ಇದು.

ಮುಂಗೈಯಲ್ಲಿ ನೇರವಾದ, ಮೆತ್ತಗಿನ ನರ ಹುಡುಕಿ. ಮೊಣಕೈ ಮಡಿಕೆಯಲ್ಲಿ ಹಾಕಬೇಡಿ. ಅಲ್ಲಿ ಸೋರಿದರೂ ಊತ ಬೇಗ ಕಾಣುವುದಿಲ್ಲ, ಗಾಯವಾದರೆ ಕೈ ಮಡಿಸುವುದೇ ಕಷ್ಟವಾಗುತ್ತದೆ. ಸ್ತನದ ಆಪರೇಷನ್ ಆದ ಬದಿಯ ಕೈ ಬೇಡ. ಹಿಂದಿನ ದಿನ ರಕ್ತ ತೆಗೆಯಲು ಚುಚ್ಚಿದ ಜಾಗಕ್ಕಿಂತ ಕೆಳಗೂ ಬೇಡ. ನರದೊಳಗೆ ಕೂರಿಸುವ ಸಣ್ಣ ಕೊಳವೆ, ಅಂದರೆ ಕ್ಯಾನುಲಾವನ್ನು ಹೊಸದಾಗಿ ಹಾಕಿ, ಚುಚ್ಚಿದ ಜಾಗ ಕಾಣುವಂತೆ ಪಾರದರ್ಶಕ ಪ್ಲಾಸ್ಟರ್ ಅಂಟಿಸಿ. ಸಲೈನ್ ಸರಾಗವಾಗಿ ಹರಿಯುತ್ತಿರುವಾಗಲೇ ಸಿರಿಂಜಿನಿಂದ ನಿಧಾನವಾಗಿ ಔಷಧ ತಳ್ಳಿ, ಪ್ರತಿ ಕೆಲವು ಮಿಲಿಲೀಟರಿಗೊಮ್ಮೆ ಹಿಂದಕ್ಕೆಳೆದು ರಕ್ತ ಬರುತ್ತದೆಯೇ ನೋಡಿ. ಈ ಹೊತ್ತಿನಲ್ಲಿ ನರ್ಸ್ ಎದ್ದು ಹೋಗಬಾರದು, ಫೋನ್ ಎತ್ತಬಾರದು. ರೋಗಿಗೂ ಮೊದಲೇ ಹೇಳಿಡಿ: 'ಚುರುಕ್ ಅಂದರೆ, ಉರಿ ಅನ್ನಿಸಿದರೆ ತಕ್ಷಣ ಹೇಳಿ, ಸಹಿಸಿಕೊಂಡು ಕೂರಬೇಡಿ.' ನಮ್ಮ ಹೆಣ್ಣುಮಕ್ಕಳಿಗೆ ನೋವು ನುಂಗಿಕೊಂಡು ಸುಮ್ಮನಿರುವ ಅಭ್ಯಾಸ ಬಹಳ. ಅದಕ್ಕೇ ಈ ಮಾತನ್ನು ಎರಡು ಸಲ ಹೇಳಬೇಕು.

ಕೆಂಪಾದದ್ದೆಲ್ಲ ಸೋರಿಕೆಯಲ್ಲ. ಕೆಲವರಿಗೆ ಈ ಔಷಧ ಹೋಗುವಾಗ ನರದುದ್ದಕ್ಕೂ ಕೆಂಪು ಗೆರೆ ಎದ್ದು ತುರಿಸುತ್ತದೆ, ತುರಿಕೆ ಗಿಡದ ಎಲೆ ತಾಕಿದ ಹಾಗೆ. ಆದರೆ ಊತ ಇರುವುದಿಲ್ಲ, ಹಿಂದಕ್ಕೆಳೆದರೆ ರಕ್ತ ಬರುತ್ತದೆ, ಹೆಚ್ಚಾಗಿ ಅರ್ಧ ಗಂಟೆಯಲ್ಲಿ ತಾನಾಗಿ ಇಳಿಯುತ್ತದೆ. ಸೋರಿಕೆಯಾದರೆ ಉರಿ, ಬಿಗಿತ, ಸೂಜಿಯ ಸುತ್ತ ಊತ, ಸಲೈನ್ ನಿಧಾನವಾಗುವುದು, ರಕ್ತ ಹಿಂದಕ್ಕೆ ಬರದಿರುವುದು ಇವುಗಳಲ್ಲಿ ಕೆಲವು ಕಾಣಬಹುದು. ಅನುಮಾನ ಬಂದರೆ ಸೋರಿಕೆ ಎಂದೇ ತಿಳಿದು ನಡೆಯಿರಿ.

ಆಗ ಮೊದಲು ಔಷಧ ನಿಲ್ಲಿಸಿ. ಕ್ಯಾನುಲಾ ಕೀಳಬೇಡಿ, ಸಲೈನ್ ಬಿಟ್ಟು ತೊಳೆಯಲೂ ಹೋಗಬೇಡಿ. ತೊಳೆದರೆ ಔಷಧ ಇನ್ನಷ್ಟು ಅಗಲಕ್ಕೆ ಹರಡುತ್ತದೆ. ಅದೇ ಕ್ಯಾನುಲಾಕ್ಕೆ ಖಾಲಿ ಸಿರಿಂಜ್ ಜೋಡಿಸಿ ಎಷ್ಟು ಬರುತ್ತದೋ ಅಷ್ಟನ್ನು ಹಿಂದಕ್ಕೆಳೆಯಿರಿ, ಆಮೇಲೆ ಕ್ಯಾನುಲಾ ತೆಗೆಯಿರಿ. ಊತದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು, ಹೊತ್ತು ಬರೆದು, ಫೋಟೊ ತೆಗೆಯಿರಿ. ಕೈ ಎತ್ತರಿಸಿಟ್ಟು, ಬಟ್ಟೆಯಲ್ಲಿ ಸುತ್ತಿದ ಐಸ್ ಪ್ಯಾಕನ್ನು ಒಂದು ಸಲಕ್ಕೆ 20 ನಿಮಿಷದಂತೆ ದಿನಕ್ಕೆ ನಾಲ್ಕು ಸಲ ಇಡಿ. ಡಾಕ್ಸೊರೂಬಿಸಿನ್‌ಗೆ ತಂಪೇ ಸರಿ. ವಿನ್‌ಕ್ರಿಸ್ಟಿನ್ ಥರದ ಔಷಧಗಳು ಸೋರಿದರೆ ಬಿಸಿ ಶಾಖ ಕೊಡಬೇಕು, ಎರಡನ್ನೂ ಅದಲುಬದಲು ಮಾಡಬಾರದು. ಡಾಕ್ಸೊರೂಬಿಸಿನ್‌ಗೆ ಡೆಕ್ಸ್‌ರಝಾಕ್ಸೇನ್ ಎಂಬ ಪ್ರತ್ಯೌಷಧವಿದೆ. ಅದನ್ನು ಸೋರಿದ ಆರು ಗಂಟೆಯೊಳಗೆ, ಬೇರೆ ಕೈಗೆ ಶುರು ಮಾಡಬೇಕು. ಹಾಗಾಗಿ 'ಸಂಜೆವರೆಗೆ ನೋಡೋಣ' ಎನ್ನುವ ಮಾತಿಗೆ ಇಲ್ಲಿ ಜಾಗವಿಲ್ಲ, ಡಾಕ್ಟರನ್ನು ಆ ಕ್ಷಣವೇ ಕರೆಯಬೇಕು. ಮನೆಗೆ ಹೋದ ಮೂರು ನಾಲ್ಕು ದಿನಕ್ಕೆ ಸೂಜಿ ಹಾಕಿದ ಜಾಗ ಉರಿಯತೊಡಗಿದರೂ ಅದು ಫೋನ್ ಮಾಡಬೇಕಾದ ವಿಷಯವೇ.

ಕೊಡುವವರ ಕೈ, ಮನೆಯವರ ಕೈ

ಕೀಮೋ ಔಷಧ ಮುಟ್ಟುವ ನರ್ಸ್ ಎರಡು ಜೊತೆ ಗ್ಲೌಸ್ ಹಾಕಬೇಕು. ಒಳಗಿನ ಜೊತೆ ಗೌನಿನ ತೋಳಿನ ಕೆಳಗೆ, ಹೊರಗಿನದು ತೋಳಿನ ಮೇಲೆ. ಗೌನ್ ನೀರು ಹೀರದ ಬಟ್ಟೆಯದಾಗಿರಬೇಕು. ಎಪ್ರನ್ ಕಟ್ಟಿಕೊಂಡರೆ ತೋಳು ಬಯಲಾಗೇ ಉಳಿಯುತ್ತದೆ. ಸಿಡಿಯುವ ಸಾಧ್ಯತೆ ಇದ್ದರೆ ಕನ್ನಡಕ, ಮಾಸ್ಕ್. ಔಷಧ ಬೆರೆಸುವುದಂತೂ ಅದಕ್ಕೆಂದೇ ಇರುವ ಸುರಕ್ಷಾ ಕ್ಯಾಬಿನೆಟ್ಟಿನೊಳಗೇ ಆಗಬೇಕು, ವಾರ್ಡಿನ ಮೇಜಿನ ಮೇಲೆ ವಯಲ್ ಒಡೆಯಬಾರದು. ಬಾಟಲಿಗೆ ಡ್ರಿಪ್ ಸೆಟ್ ಚುಚ್ಚುವ ಕೆಲಸ ಕೀಮೋ ಸೇರಿಸುವ ಮೊದಲೇ ಮುಗಿದಿರಲಿ. ತುಂಬಿದ ಬಾಟಲಿಯನ್ನು ಸ್ಟ್ಯಾಂಡಿಗೆ ತೂಗುಹಾಕಿ, ಕಣ್ಣಿನ ಮಟ್ಟಕ್ಕಿಂತ ಮೇಲೆ ಚುಚ್ಚಿದರೆ ಹನಿ ಬೀಳುವುದು ಮುಖದ ಮೇಲೆ. ಗರ್ಭಿಣಿಯರಿಗೆ, ಮೊಲೆಯುಣಿಸುವವರಿಗೆ ಈ ಕೆಲಸದಿಂದ ಬಿಡುವು ಕೇಳುವ ಹಕ್ಕಿದೆ, ಕೇಳಬೇಕು.

ಮನೆಯವರಿಗೆ ಸಂಬಂಧಿಸಿದ್ದು ಮೊದಲ 48 ಗಂಟೆ. ಆ ಹೊತ್ತಿನಲ್ಲಿ ರೋಗಿಯ ಮೂತ್ರ, ಮಲ, ವಾಂತಿಯಲ್ಲಿ ಔಷಧದ ಅಂಶ ಇರುತ್ತದೆ. ಒಂದೆರಡು ದಿನ ಮೂತ್ರ ಕೆಂಪಾಗಿಯೇ ಬರುತ್ತದೆ, ಅದು ಔಷಧದ ಬಣ್ಣ, ರಕ್ತವಲ್ಲ. ಆದರೆ ಮೂರು ದಿನ ದಾಟಿದ ಮೇಲೂ ಕೆಂಪಿದ್ದರೆ ಅಥವಾ ಮೂತ್ರ ಉರಿಯುತ್ತಿದ್ದರೆ ಸೈಕ್ಲೊಫಾಸ್ಫಮೈಡ್ ಮೂತ್ರಕೋಶವನ್ನು ಕೆರಳಿಸಿರಬಹುದು, ತಿಳಿಸಿ. ಅದನ್ನು ತಡೆಯಲೆಂದೇ ಮೊದಲೆರಡು ದಿನ ಎರಡು ಲೀಟರಿಗೆ ಕಡಿಮೆಯಿಲ್ಲದಂತೆ ನೀರು ಕುಡಿಯಲು, ರಾತ್ರಿ ಕೂಡ ಒಮ್ಮೆ ಎದ್ದು ಮೂತ್ರಕ್ಕೆ ಹೋಗಲು ಹೇಳುವುದು. ಹೃದಯ ಅಥವಾ ಕಿಡ್ನಿ ತೊಂದರೆ ಇದ್ದವರು ಮಾತ್ರ ಎಷ್ಟು ನೀರು ಎಂದು ಡಾಕ್ಟರನ್ನೇ ಕೇಳಬೇಕು.

ಪಾಯಿಖಾನೆಗೆ ಹೋಗಿ ಬಂದ ಮೇಲೆ ಧಾರಾಳವಾಗಿ, ಸಿಡಿಯದಂತೆ ನೀರು ಹಾಕಿ. ಕಮೋಡ್ ಆದರೆ ಮುಚ್ಚಳ ಮುಚ್ಚಿ ಎರಡು ಸಲ ಫ್ಲಶ್ ಮಾಡಿ. ವಾಂತಿ ಒರೆಸುವಾಗ ಗ್ಲೌಸ್ ಹಾಕಿ. ಸಿಗದಿದ್ದರೆ ತೂತಿಲ್ಲದ ಪ್ಲಾಸ್ಟಿಕ್ ಕವರನ್ನಾದರೂ ಕೈಗೆ ಸುತ್ತಿಕೊಳ್ಳಿ, ಆಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಕೊಳೆಯಾದ ಸೀರೆ, ಹಾಸಿಗೆ ಬಟ್ಟೆಯನ್ನು ಬೇರೆಯಾಗಿ, ಎರಡು ಸಲ ಒಗೆಯಿರಿ. ಮನೆಯಲ್ಲಿ ಬಸುರಿ ಮಗಳಿದ್ದರೆ, ಸೊಸೆಯಿದ್ದರೆ ಈ ಕೆಲಸ ಅವರಿಗೆ ಬೇಡ. ಇಷ್ಟು ಎಚ್ಚರ ಸಾಕು. ಪಕ್ಕದಲ್ಲಿ ಕೂತರೆ, ಕೈ ಹಿಡಿದರೆ, ಅದೇ ಮನೆಯಲ್ಲಿ ಉಂಡರೆ ಯಾರಿಗೂ ಏನೂ ಆಗುವುದಿಲ್ಲ. ಅಮ್ಮನ ಹತ್ತಿರ ಮಕ್ಕಳನ್ನು ಬಿಡದೆ ದೂರ ಇಟ್ಟ ಮನೆಗಳನ್ನು ಕಂಡು ಸಂಕಟಪಟ್ಟಿದ್ದೇನೆ, ಅದರ ಅಗತ್ಯವೇ ಇಲ್ಲ.

ವಾಕರಿಕೆ: ಬರುವ ಮೊದಲೇ ಮಾತ್ರೆ

ಎಸಿ ಕೀಮೋ ತೀವ್ರವಾಗಿ ವಾಂತಿ ತರಿಸುವ ಗುಂಪಿಗೆ ಸೇರಿದ್ದು. ವಾಂತಿ ಎರಡು ಅಲೆಯಾಗಿ ಬರುತ್ತದೆ. ಮೊದಲನೆಯದು 24 ಗಂಟೆಯೊಳಗೆ. ಎರಡನೆಯದು ಎರಡನೇ ದಿನದಿಂದ ಐದನೇ ದಿನದವರೆಗೆ. ಎರಡರ ದಾರಿ ಬೇರೆ, ಹಾಗಾಗಿ ಮಾತ್ರೆಯೂ ಬೇರೆ. ಒಂಡಾನ್ಸೆಟ್ರಾನ್, ಪ್ಯಾಲೊನೊಸೆಟ್ರಾನ್‌ನಂಥವು ಮೊದಲ ಅಲೆಗೆ ಚೆನ್ನಾಗಿ ಕೆಲಸ ಮಾಡುತ್ತವೆ. ಎರಡನೇ ಅಲೆಗೆ ಅಪ್ರೆಪಿಟಂಟ್, ಡೆಕ್ಸಾಮೆಥಾಸೋನ್, ರಾತ್ರಿಯ ಒಲಾಂಜಪಿನ್ ಬೇಕು. ಮೊದಲ ಅಲೆಯವುಗಳಲ್ಲಿ ಒಂದು, ಜೊತೆಗೆ ಈ ಮೂರು, ಒಟ್ಟು ನಾಲ್ಕು ಸೇರಿದ ಚೀಟಿಯೇ ಇಂದು ಎಸಿಗೆ ಸಾಮಾನ್ಯವಾಗಿ ಬರೆಯುವುದು.

ಎಡವಟ್ಟಾಗುವುದು ಬಹುತೇಕ ಹೀಗೆ. ಕೀಮೋ ದಿನ ಸಂಜೆ ಏನೂ ಆಗುವುದಿಲ್ಲ. ಮರುದಿನವೂ ಪರವಾಗಿಲ್ಲ. 'ಚೆನ್ನಾಗೇ ಇದ್ದಾಳಲ್ಲ, ಸುಮ್ಮನೆ ಮಾತ್ರೆ ಯಾಕೆ' ಎಂದು ಮನೆಯವರು ಮಾತ್ರೆಗಳನ್ನು ಎತ್ತಿಡುತ್ತಾರೆ. ಮೂರನೇ ದಿನ ನಸುಕಿನಲ್ಲಿ ವಾಂತಿ ಶುರುವಾಗುತ್ತದೆ, ಆಗ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ. ವಾಂತಿ ಮಾತ್ರೆ ಇರುವುದು ವಾಂತಿಯನ್ನು ತಡೆಯಲು. ಚೀಟಿಯಲ್ಲಿ ನಾಲ್ಕು ದಿನ ಎಂದು ಬರೆದಿದ್ದರೆ ಹೊಟ್ಟೆ ಹಗುರವಾಗಿದ್ದರೂ ನಾಲ್ಕೂ ದಿನ ಕೊಡಬೇಕು. ನಾವು ಒಂದು ಹಾಳೆಯಲ್ಲಿ ದಿನ, ಬೆಳಗ್ಗೆ, ರಾತ್ರಿ ಎಂದು ಗೆರೆ ಎಳೆದು, ಓದಲು ಬಾರದವರಿಗೆ ಆಯಾ ಮಾತ್ರೆಯ ಖಾಲಿ ಪಟ್ಟಿಯ ತುಂಡನ್ನೇ ಅಂಟಿಸಿ ಕೊಡುತ್ತೇವೆ.

ಡೆಕ್ಸಾಮೆಥಾಸೋನ್ ಬೆಳಗ್ಗೆ ತಿಂಡಿಯ ನಂತರ ಇರಲಿ. ರಾತ್ರಿ ಕೊಟ್ಟರೆ ನಿದ್ದೆ ಹಾರಿಹೋಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಅದರಿಂದ ಸಕ್ಕರೆ ಏರುತ್ತದೆ, ಮೊದಲೇ ಹೇಳಿರಬೇಕು. ಒಲಾಂಜಪಿನ್ ಮಲಗುವ ಹೊತ್ತಿಗೆ. ಅಂಗಡಿಯವರು 'ಇದು ಮನಸ್ಸಿನ ಕಾಯಿಲೆ ಮಾತ್ರೆ' ಎಂದದ್ದನ್ನು ಕೇಳಿ ಹೆದರಿ ನಿಲ್ಲಿಸಿದವರಿದ್ದಾರೆ. ಅದೇ ಮಾತ್ರೆ ಸಣ್ಣ ಪ್ರಮಾಣದಲ್ಲಿ ವಾಕರಿಕೆಗೆ ಬಹಳ ಒಳ್ಳೆಯದು. ಮಂಪರು ಜಾಸ್ತಿಯಾದರೆ ಹೇಳಿ, ಪ್ರಮಾಣ ಇಳಿಸಬಹುದು. ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 2.5 ಮಿಲಿಗ್ರಾಂ ಕೂಡ 10 ಮಿಲಿಗ್ರಾಂನಷ್ಟೇ ವಾಂತಿ ತಡೆದಿತ್ತು, ಹಗಲು ಮಂಪರು ಕಡಿಮೆಯಿತ್ತು. ಒಂಡಾನ್ಸೆಟ್ರಾನ್ ಮಲಬದ್ಧತೆ ತರುತ್ತದೆ. ಮೂರು ದಿನ ಹೊಟ್ಟೆ ಕಟ್ಟಿಕೊಂಡರೆ ಅದೇ ವಾಕರಿಕೆಗೆ ಕಾರಣವಾಗುತ್ತದೆ, ಅದಕ್ಕೆ ಇನ್ನಷ್ಟು ಒಂಡಾನ್ಸೆಟ್ರಾನ್ ಕೊಟ್ಟರೆ ಸುತ್ತು ಬಿಗಿಯುತ್ತದೆ. ಎರಡನೇ ದಿನವೇ 'ಹೊರಗೆ ಹೋದಿರಾ?' ಎಂದು ಕೇಳಿ, ಮೆದು ಮಾಡುವ ಔಷಧಿ ಬೇಕೇ ಎಂದು ವಿಚಾರಿಸಿ.

ಊಟದ ವಿಷಯದಲ್ಲಿ ವಾಸನೆಯೇ ದೊಡ್ಡ ಶತ್ರು. ಒಗ್ಗರಣೆ ಸಿಡಿಯುವ ಹೊತ್ತಿಗೆ ರೋಗಿ ಅಡುಗೆಮನೆಯಿಂದ ದೂರದ ಕೋಣೆಯಲ್ಲೋ ಜಗುಲಿಯಲ್ಲೋ ಇರಲಿ. ಬಿಸಿಬಿಸಿ ಸಾರಿಗಿಂತ ಆರಿದ ಊಟದ ವಾಸನೆ ಕಡಿಮೆ. ಆಗ ತಾನೇ ಮಾಡಿ ಉಗುರುಬೆಚ್ಚಗಾದ ಗಂಜಿ, ಮೆತ್ತಗಿನ ಅನ್ನಕ್ಕೆ ಹೆಸರುಬೇಳೆ ತೊವ್ವೆ, ಇಡ್ಲಿ, ತೆಳ್ಳಗಿನ ರಾಗಿ ಅಂಬಲಿ ಇವು ನಿಲ್ಲುತ್ತವೆ. ಮೂರು ಹೊತ್ತಿನ ಊಟವನ್ನು ಆರೇಳು ಸಣ್ಣ ಬಟ್ಟಲಾಗಿ ಒಡೆಯಿರಿ. ನೀರನ್ನು ಊಟದ ನಡುವೆ ಬೇಡ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಲಿ. ಇಷ್ಟದ ತಿಂಡಿಯನ್ನು ವಾಕರಿಕೆಯ ದಿನ ಒತ್ತಾಯಿಸಿ ತಿನ್ನಿಸಬೇಡಿ. ಆಮೇಲೆ ಆ ತಿಂಡಿ ಕಂಡರೇ ವಾಕರಿಕೆ ಬರುವಂತಾಗುತ್ತದೆ. ಮೊದಲ ಸೈಕಲ್‌ನಲ್ಲಿ ವಾಂತಿ ಹೆಚ್ಚಾಗಿದ್ದವರಿಗೆ ಎರಡನೆಯದಕ್ಕೆ ಆಸ್ಪತ್ರೆಯ ಗೇಟು ಕಂಡೊಡನೆ ಹೊಟ್ಟೆ ತೊಳಸುವುದೂ ಇದೆ. ಅದನ್ನು ಮನಸ್ಸಿನ ದುರ್ಬಲತೆ ಎನ್ನಬೇಡಿ, ಡಾಕ್ಟರಿಗೆ ಹೇಳಿ. ಅದಕ್ಕೂ ಮಾತ್ರೆ ಇದೆ.

ಮಾತ್ರೆ ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಫೋನ್ ಮಾಡಿ ಕೇಳಿ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ವಾಂತಿ, ಇಡೀ ದಿನ ನೀರು ಕೂಡ ನಿಲ್ಲದಿರುವುದು, ಎಂಟು ಗಂಟೆಯಾದರೂ ಮೂತ್ರ ಬಾರದಿರುವುದು, ಎದ್ದರೆ ತಲೆ ಸುತ್ತುವುದು: ಇವುಗಳಲ್ಲಿ ಒಂದಿದ್ದರೂ ಡ್ರಿಪ್ ಬೇಕಾಗಬಹುದು, ಮನೆಯಲ್ಲಿ ಕಾಯಬೇಡಿ.

ಏಳನೇ ದಿನದಿಂದ ಹದಿನಾಲ್ಕನೇ ದಿನ: ಕೌಂಟ್ ಇಳಿಯುವ ವಾರ

ಆರನೇ ಏಳನೇ ದಿನಕ್ಕೆ ವಾಕರಿಕೆ ಹೋಗಿ, ಬಾಯಿ ರುಚಿ ಸ್ವಲ್ಪ ಮರಳಿ, ಎಲ್ಲರೂ ನಿಟ್ಟುಸಿರು ಬಿಡುವ ಹೊತ್ತು. ಅದೇ ಹೊತ್ತಿಗೆ ಒಳಗೆ ಬಿಳಿ ರಕ್ತಕಣ ಇಳಿಯುತ್ತಿರುತ್ತದೆ. ಕೀಮೋ ಮೂಳೆಯ ಮಜ್ಜೆಯಲ್ಲಿ ಹುಟ್ಟುತ್ತಿರುವ ಎಳೆಯ ಕಣಗಳನ್ನು ಹೊಡೆಯುತ್ತದೆ. ಆಗಲೇ ರಕ್ತದಲ್ಲಿರುವ ಕಣಗಳು ತಮ್ಮ ಆಯಸ್ಸು ತೀರುವವರೆಗೆ ಉಳಿಯುತ್ತವೆ. ಕೆಂಪು ಕಣದ ಆಯಸ್ಸು ಸುಮಾರು 120 ದಿನ, ಪ್ಲೇಟ್‌ಲೆಟ್‌ನದು ಎಂಟು ಹತ್ತು ದಿನ. ಸೋಂಕಿನೊಡನೆ ಹೋರಾಡುವ ನ್ಯೂಟ್ರೋಫಿಲ್ ರಕ್ತದಲ್ಲಿ ಇರುವುದು ಒಂದು ದಿನದ ಆಸುಪಾಸು. ಹಾಗಾಗಿ ಮೊದಲು ಬರಿದಾಗುವುದು ಅದೇ. ಎಸಿಯಲ್ಲಿ ತೀರಾ ತಳ ಮುಟ್ಟುವುದು ಹತ್ತರಿಂದ ಹದಿನಾಲ್ಕನೇ ದಿನದ ನಡುವೆ. ಇಪ್ಪತ್ತೊಂದನೇ ದಿನಕ್ಕೆ ಸಾಮಾನ್ಯವಾಗಿ ಮರಳಿ ಏರಿರುತ್ತದೆ.

ವರದಿಯಲ್ಲಿ 'ಟೋಟಲ್ ಕೌಂಟ್', ಅಂದರೆ ಎಲ್ಲ ಬಿಳಿ ಕಣಗಳ ಒಟ್ಟು ಲೆಕ್ಕ ಒಂದನ್ನೇ ನೋಡಬಾರದು. ಅದನ್ನು ನ್ಯೂಟ್ರೋಫಿಲ್ ಶೇಕಡಾವಾರಿನಿಂದ ಗುಣಿಸಿ ನೂರರಿಂದ ಭಾಗಿಸಿ. ಟೋಟಲ್ 2,000, ನ್ಯೂಟ್ರೋಫಿಲ್ ಶೇ. 60 ಇದ್ದರೆ 1,200. ಅದೇ 2,000, ಶೇ. 20 ಇದ್ದರೆ ಬರೀ 400. 500ಕ್ಕೆ ಕೆಳಗೆ ಇಳಿದರೆ ಅಪಾಯ ತೀವ್ರ. ಟೋಟಲ್ ಎರಡರಲ್ಲೂ ಒಂದೇ, ಸ್ಥಿತಿ ಮಾತ್ರ ಅಜಗಜಾಂತರ.

ಈ ವಾರದಲ್ಲಿ ಸೋಂಕು ಎಲ್ಲಿಂದ ಬರುತ್ತದೆ ಎಂಬುದರ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಎಲ್ಲರೂ ನೆಂಟರನ್ನು, ಹೊರಗಿನ ಗಾಳಿಯನ್ನು ದೂರುತ್ತಾರೆ. ಹೆಚ್ಚಿನ ಸೋಂಕು ಬರುವುದು ರೋಗಿಯ ಬಾಯಿ, ಕರುಳು, ಚರ್ಮದಲ್ಲಿ ಮೊದಲಿನಿಂದ ಇದ್ದ ಸೂಕ್ಷ್ಮಾಣುಗಳಿಂದಲೇ. ಕೀಮೋದಿಂದ ಬಾಯಿಯ, ಕರುಳಿನ ಒಳಪದರ ಸವೆದಾಗ ಅವು ರಕ್ತಕ್ಕೆ ನುಸುಳುತ್ತವೆ. ಆದ್ದರಿಂದ ಬಾಯಿಯ ಆರೈಕೆ ದೊಡ್ಡದು. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡ ಕಲಸಿ, ಪ್ರತಿ ಊಟದ ನಂತರ ಮತ್ತು ಮಲಗುವಾಗ ಬಾಯಿ ಮುಕ್ಕಳಿಸಲಿ. ದಿನಾ ಹೊಸದಾಗಿ ಮಾಡಿ. ಬ್ರಷ್ ಮೃದುವಾಗಿರಲಿ, ಬೇವಿನಕಡ್ಡಿ, ಇದ್ದಿಲು, ಉಪ್ಪು ಹಾಕಿ ಉಜ್ಜುವುದು ಈಗ ಬೇಡ. ಗುದದ್ವಾರದ ಮೂಲಕ ಮಾತ್ರೆ, ಎನಿಮಾ, ಥರ್ಮಾಮೀಟರ್ ಯಾವುದೂ ಬೇಡ.

ಊಟ ಆಗ ತಾನೇ ಬೇಯಿಸಿದ್ದಾಗಿರಬೇಕು. ಮದುವೆ ಊಟ, ಬೀದಿ ಬದಿಯ ಪಾನಿಪೂರಿ, ಹಸಿ ಕೋಸಂಬರಿ, ಬೆಳಗ್ಗೆ ರುಬ್ಬಿ ಸಂಜೆವರೆಗೆ ಹೊರಗಿಟ್ಟ ಕಾಯಿಚಟ್ನಿ ಬೇಡ. ತೊಳೆದು ಸಿಪ್ಪೆ ತೆಗೆಯುವ ಬಾಳೆ, ಕಿತ್ತಳೆ ತಿನ್ನಬಹುದು. ಎಲ್ಲ ಹಣ್ಣು ತರಕಾರಿ ಬಿಟ್ಟು ಪಥ್ಯ ಮಾಡಿದರೆ ಸೋಂಕು ಕಡಿಮೆಯಾಗುತ್ತದೆ ಎಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಆದರೆ ತೂಕ ಇಳಿದದ್ದು ಕಣ್ಣಿಗೆ ಕಾಣುತ್ತದೆ. ಪ್ಲೇಟ್‌ಲೆಟ್ ಏರಲೆಂದು ಹಸಿ ಪಪ್ಪಾಯಿ ಎಲೆ ಅರೆದು ಕುಡಿಸುವುದು ನಮ್ಮ ಕಡೆ ರೂಢಿ. ಕೌಂಟ್ ಇಳಿದವರ ಹೊಟ್ಟೆಗೆ ಬೇಯಿಸದ ಎಲೆಯ ರಸ ಹಾಕಬೇಡಿ. ಇನ್ನು ನಮ್ಮ ಅಕ್ಕನ ಮನೆಯ ಹಸುಗಳ ವಿಷಯ: ಕೊಟ್ಟಿಗೆ ಬಳಿಯುವುದು, ಮುಗ್ಗಲು ಹುಲ್ಲು ಕೆದಕುವುದು ಈ ಮೂರು ವಾರ ಬೇರೆಯವರ ಪಾಲಿಗೆ ಹೋಗಬೇಕು. ಮುಗ್ಗಲು ಹುಲ್ಲಿನ ಬೂಷ್ಟು ಶ್ವಾಸಕೋಶಕ್ಕೆ ಹೋದರೆ ಅದರ ಸೋಂಕು ಇಳಿಸುವುದು ಬಹಳ ಕಷ್ಟ.

ಪ್ಲೇಟ್‌ಲೆಟ್ ಎಸಿಯಲ್ಲಿ ಅಷ್ಟು ತಳಕ್ಕೆ ಹೋಗುವುದು ಅಪರೂಪ. ಆದರೂ ಕಾಲಿನ ಮೇಲೆ ಸಾಸಿವೆಯಂಥ ಕೆಂಪು ಚುಕ್ಕೆ, ವಸಡಿನಲ್ಲಿ ರಕ್ತ, ಕಪ್ಪು ಮಲ ಕಂಡರೆ ತಡಮಾಡಬೇಡಿ. ಮೈಕೈ ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ತೆಗೆದುಕೊಳ್ಳಬೇಡಿ.

ಜ್ವರ 100.4

ಡಿಜಿಟಲ್ ಥರ್ಮಾಮೀಟರ್ ಇಲ್ಲದೆ ಕೀಮೋ ರೋಗಿಯನ್ನು ಮನೆಗೆ ಕಳಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಏಳನೇ ದಿನದಿಂದ ಬೆಳಗ್ಗೆ ಸಂಜೆ, ಜೊತೆಗೆ ಚಳಿ ಅನ್ನಿಸಿದಾಗಲೆಲ್ಲ ನೋಡಿ. ಬಿಸಿ ಕಾಫಿ ಕುಡಿದಿದ್ದರೆ 20 ನಿಮಿಷ ಬಿಟ್ಟು ನಾಲಿಗೆಯಡಿ ಇಡಿ. ಬಾಯಿ ಹುಣ್ಣಾಗಿದ್ದರೆ ಕಂಕುಳಲ್ಲಿ ಇಡಬಹುದು, ಅಲ್ಲಿ ಸ್ವಲ್ಪ ಕಡಿಮೆಯೇ ತೋರಿಸುತ್ತದೆ ಎಂಬುದು ನೆನಪಿರಲಿ. 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಮುಟ್ಟಿದರೆ ಅದು ತುರ್ತು, ಹೊತ್ತು ಯಾವುದಾದರೂ ಸರಿ.

ನ್ಯೂಟ್ರೋಫಿಲ್ ಇಲ್ಲದವರಲ್ಲಿ ಸೋಂಕು ಗುಟ್ಟಾಗಿ ಬೆಳೆಯುತ್ತದೆ. ಕೀವು ಎಂದರೆ ಬಹುಪಾಲು ಸತ್ತ ನ್ಯೂಟ್ರೋಫಿಲ್; ಅವೇ ಇಲ್ಲದಿದ್ದರೆ ಕೀವಿಲ್ಲ, ಊತ ಕಡಿಮೆ, ನ್ಯುಮೋನಿಯಾದಲ್ಲೂ ಕಫ ಕಾಣದಿರಬಹುದು. ಜ್ವರ ಒಂದೇ ಗುರುತಾಗಿ ಉಳಿಯುತ್ತದೆ. ಪ್ಯಾರಾಸಿಟಮಾಲ್ ನುಂಗಿ ಅದನ್ನೂ ಅಳಿಸಿದರೆ ಗೊತ್ತಾಗುವಷ್ಟರಲ್ಲಿ ಬಿಪಿ ಬಿದ್ದಿರುತ್ತದೆ. ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವವರಲ್ಲಿ, ವಯಸ್ಸಾದವರಲ್ಲಿ ಜ್ವರವೂ ಬಾರದೆ ಬರೀ ನಡುಕ, ಮಂಕು, ಉಸಿರಾಟ ಜೋರು ಆಗಬಹುದು. ಅದೂ ಅಷ್ಟೇ ತುರ್ತು.

ನಮ್ಮ ಅಕ್ಕನಿಗೆ ಹತ್ತನೇ ದಿನ ಸಂಜೆ ಏಳಕ್ಕೆ ಚಳಿ. ಥರ್ಮಾಮೀಟರಿನಲ್ಲಿ 100.9. ಗಂಡ 'ಮಳೇಲಿ ನೆಂದಿದ್ಲು, ಒಂದು ಮಾತ್ರೆ ಕೊಟ್ಟು ಮಲಗಿಸೋಣ, ಬೆಳಗ್ಗೆ ನೋಡೋಣ' ಎಂದರು. ಪಕ್ಕದ ಬೀದಿಯ ಕ್ಲಿನಿಕ್ಕಿನಲ್ಲಿ ಸೊಂಟಕ್ಕೊಂದು ಇಂಜೆಕ್ಷನ್ ಹಾಕಿಸುವ ಮಾತೂ ಬಂತು. ಕೌಂಟ್ ಇಳಿದವರಿಗೆ ಮಾಂಸಕ್ಕೆ ಚುಚ್ಚಿದರೆ ಅಲ್ಲೇ ರಕ್ತ ಹೆಪ್ಪುಗಟ್ಟಿ ಸೋಂಕಾಗಬಹುದು, ಜ್ವರ ಮಾತ್ರ ಮುಚ್ಚಿಹೋಗುತ್ತದೆ. ಮಗಳು ಫೈಲಿನಲ್ಲಿದ್ದ ಕಾರ್ಡ್ ತೆಗೆದು ಫೋನ್ ಮಾಡಿದಳು.

'ಸಿಸ್ಟರ್, ಅಮ್ಮಂಗೆ ಜ್ವರ ನೂರು ಪಾಯಿಂಟ್ ಒಂಬತ್ತಿದೆ.'

'ಕೀಮೋ ಆಗಿ ಎಷ್ಟು ದಿನ ಆಯ್ತಮ್ಮ?'

'ಇವತ್ತಿಗೆ ಹತ್ತು.'

'ಮಾತ್ರೆ ಏನೂ ಕೊಡಬೇಡ. ಈಗಲೇ ಹೊರಡಿ. ನಮ್ಮಲ್ಲಿಗೆ ಬರೋಕೆ ರಾತ್ರಿಯೆಲ್ಲ ಆಗುತ್ತೆ, ಜಿಲ್ಲಾ ಆಸ್ಪತ್ರೆಗೆ ಹೋಗಿ. ವಾಹನ ಸಿಗದಿದ್ದರೆ 108ಕ್ಕೆ ಮಾಡು. ಅಲ್ಲಿ ಹೋದ ತಕ್ಷಣ ಸಾಲಲ್ಲಿ ನಿಲ್ಲಬೇಡ. ಕೀಮೋ ಆಗಿ ಹತ್ತು ದಿನ, ಜ್ವರ ಇದೆ, ಕೌಂಟ್ ಇಳಿದಿರಬಹುದು ಅಂತ ಹೇಳಿ ಕಾರ್ಡ್ ತೋರಿಸು.'

ಆ ಕಾರ್ಡಿನಲ್ಲಿ ಇರಬೇಕಾದದ್ದು ಔಷಧದ ಹೆಸರು, ಕೊಟ್ಟ ದಿನಾಂಕ, ಎಷ್ಟನೇ ಸೈಕಲ್, ಯಾವ ಔಷಧಕ್ಕೆ ಅಲರ್ಜಿ, ಕ್ಯಾನ್ಸರ್ ಆಸ್ಪತ್ರೆಯ ಫೋನ್. ತುರ್ತು ವಿಭಾಗದ ನರ್ಸ್‌ಗೆ ಇದನ್ನು ನೋಡಿದ ಕ್ಷಣದಿಂದ ಗಡಿಯಾರ ಶುರು: ಒಂದು ಗಂಟೆಯೊಳಗೆ ಮೊದಲ ಆಂಟಿಬಯೋಟಿಕ್ ನರಕ್ಕೆ ಹೋಗಬೇಕು. ಬೇರೆ ಬೇರೆ ಜಾಗದಿಂದ ಎರಡು ಸಲ ರಕ್ತವನ್ನು ಕಲ್ಚರಿಗೆ, ಅಂದರೆ ಸೂಕ್ಷ್ಮಾಣು ಬೆಳೆಸಿ ಗುರುತಿಸುವ ಪರೀಕ್ಷೆಗೆ ತೆಗೆದು, ಸಿಬಿಸಿ ಕಳಿಸಿ, ವರದಿಗೆ ಕಾಯದೆ ಡಾಕ್ಟರ್ ಬರೆದ ಔಷಧ ಶುರು ಮಾಡಬೇಕು. ಕಲ್ಚರ್ ಬಾಟಲಿ ಸಿಗಲಿಲ್ಲವೆಂದು ಆಂಟಿಬಯೋಟಿಕ್ ತಡವಾಗಬಾರದು. ಅಕ್ಕನ ಬಿಪಿ 96/60, ನಾಡಿ 118. ಪಿಪೆರಾಸಿಲಿನ್-ಟಾಜೊಬ್ಯಾಕ್ಟಂ 4.5 ಗ್ರಾಂ ಹಾಕಿ, ಜೊತೆಗೆ ಸಲೈನ್ ಬಿಟ್ಟು, ಮೊದಲ ಹೊತ್ತು ಅರ್ಧ ಗಂಟೆಗೊಮ್ಮೆ ಬಿಪಿ, ಉಸಿರು, ಮೂತ್ರದ ಪ್ರಮಾಣ ಬರೆದುಕೊಂಡರು. ರಾತ್ರಿ ವರದಿ ಬಂತು: ಟೋಟಲ್ 900, ನ್ಯೂಟ್ರೋಫಿಲ್ ಶೇ. 20. ಅಂದರೆ 180. ಪ್ಲೇಟ್‌ಲೆಟ್ 92,000, ಹಿಮೋಗ್ಲೋಬಿನ್ 9.6. ಆಸ್ಪತ್ರೆ ಸೇರಿದ ಎರಡನೇ ದಿನ ರಾತ್ರಿ ಜ್ವರ ಬಿಟ್ಟಿತು. ಐದನೇ ದಿನಕ್ಕೆ ನ್ಯೂಟ್ರೋಫಿಲ್ 1,100ಕ್ಕೆ ಏರಿತು, ಮನೆಗೆ ಬಂದರು.

ಎರಡನೇ ಸೈಕಲ್‌ಗೆ ಏನು ಬದಲಾಗುತ್ತದೆ

ಮೊದಲ ಸಲ ಹೀಗೆ ಜ್ವರ ಬಂದಿದ್ದರೆ ಮುಂದಿನ ಸೈಕಲ್ ನಂತರ ಬಿಳಿ ಕಣ ಬೇಗ ಬೆಳೆಸುವ ಇಂಜೆಕ್ಷನ್ ಬರೆಯುತ್ತಾರೆ. ಪೆಗ್‌ಫಿಲ್‌ಗ್ರಾಸ್ಟಿಂ ಆದರೆ 6 ಮಿಲಿಗ್ರಾಂನ ಒಂದೇ ಡೋಸ್, ಕೀಮೋ ಮುಗಿದು 24 ಗಂಟೆ ಕಳೆದ ಮೇಲೆ ಚರ್ಮದಡಿ. ಮೊದಲೇ ಹಾಕಿದರೆ ಹೊಸದಾಗಿ ಎದ್ದ ಎಳೆಯ ಕಣಗಳನ್ನೇ ಕೀಮೋ ಹೊಡೆಯುತ್ತದೆ. 'ಊರಿಗೆ ಹೋಗಬೇಕು, ಇವತ್ತೇ ಹಾಕಿಬಿಡಿ' ಎನ್ನುವುದಕ್ಕೆ ಒಪ್ಪಬಾರದು. ಇಂಜೆಕ್ಷನ್ ಜೊತೆಗೆ ಒಯ್ಯುವುದಾದರೆ ಐಸ್ ಪ್ಯಾಕಿಗೆ ನೇರ ತಾಕದಂತೆ ಬಟ್ಟೆ ಸುತ್ತಿ ಥರ್ಮೋಕೋಲ್ ಡಬ್ಬಿಯಲ್ಲಿಡಿ. ಮನೆಯಲ್ಲಿ ಫ್ರಿಜ್ಜಿನ ನಡುಹಲಗೆ, ಫ್ರೀಜರ್ ಅಲ್ಲ, ಹೆಪ್ಪುಗಟ್ಟಿದರೆ ಕೆಡುತ್ತದೆ. ಹಾಕಿದ ಒಂದೆರಡು ದಿನಕ್ಕೆ ಸೊಂಟ, ತೊಡೆ, ಎದೆಮೂಳೆ ನೋಯುತ್ತದೆ, ಮಜ್ಜೆ ಕೆಲಸ ಮಾಡುತ್ತಿರುವುದರ ನೋವು ಅದು. ಅದಕ್ಕೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳುವ ಮುಂಚೆ ಪ್ರತಿ ಸಲ ಜ್ವರ ನೋಡಿ ಬರೆದಿಡಿ.

ಎರಡು ಮೂರು ವಾರದ ಹೊತ್ತಿಗೆ ಕೂದಲು ಉದುರುತ್ತದೆ. ಮೊದಲೇ ಕತ್ತರಿಸಿಕೊಂಡರೆ ದಿಂಬಿನ ತುಂಬ ಉದುರಿದ್ದನ್ನು ನೋಡುವ ಸಂಕಟ ಕಡಿಮೆ. ಬ್ಲೇಡ್ ಬೇಡ, ಮಷಿನ್ನಿನಿಂದ ತೆಗೆಸಿ.

ಎರಡನೇ ಸೈಕಲ್‌ಗೆ ಬಂದಾಗ ನರ್ಸ್ ಕೇಳುವ ಮೊದಲೇ ನೀವಾಗಿ ಹೇಳಿ: ಎಷ್ಟನೇ ದಿನ ವಾಂತಿ, ಎಷ್ಟು ಸಲ, ಯಾವ ಮಾತ್ರೆ ಬಿಟ್ಟಿರಿ, ಜ್ವರ ಬಂದ ದಿನಾಂಕ, ಆಸ್ಪತ್ರೆಯಲ್ಲಿದ್ದ ದಿನಗಳ ಡಿಸ್‌ಚಾರ್ಜ್ ಚೀಟಿ. 2025ರಿಂದ ರಾಜ್ಯದ ಹಲವು ಜಿಲ್ಲಾ ಆಸ್ಪತ್ರೆಗಳಲ್ಲೇ ಡೇ ಕೇರ್ ಕೀಮೋ ಕೊಡಲು ಶುರು ಮಾಡಿದ್ದಾರೆ. ಬೆಂಗಳೂರಿನಲ್ಲಿ ಮೊದಲ ಸೈಕಲ್ ಆಗಿ ಮುಂದಿನದು ಜಿಲ್ಲೆಯಲ್ಲಿ ಎಂದಾದರೆ ಈ ವಿವರ ಒಂದು ಹಾಳೆಯಲ್ಲಿ ಇರಲೇಬೇಕು. ಡೋಸ್ ಇಳಿಸಬೇಕೋ, ಇಂಜೆಕ್ಷನ್ ಸೇರಿಸಬೇಕೋ, ವಾಂತಿ ಮಾತ್ರೆ ಬದಲಿಸಬೇಕೋ ಎಂಬುದನ್ನು ಹೊಸ ಡಾಕ್ಟರ್ ಆ ಹಾಳೆ ನೋಡಿಯೇ ತೀರ್ಮಾನಿಸುವುದು.